ಆರು ವರ್ಷ ಬಳಸಿದ ಓಟಿಜಿ: ಕೆಳಗಿನ ರಾಡ್ ಕೆಂಪಾಗದೆ ಹೋದಾಗ

ಈ 28 ಲೀಟರ್ ಓಟಿಜಿ, ಅಂದರೆ ಕರೆಂಟಿನ ಓವನ್, ನಮ್ಮ ವಿಜಯನಗರದ ಮನೆಗೆ ಬಂದು ಆರು ವರ್ಷ ಆಯಿತು. ವಾರಕ್ಕೆ ಎರಡು ಸಲವಾದರೂ ಕೆಲಸ ಮಾಡುತ್ತದೆ. ಖಾರಾ ಬನ್, ಬೆಣ್ಣೆ ಬಿಸ್ಕತ್ತು, ಹುಟ್ಟುಹಬ್ಬದ ಕೇಕು, ಗೊಜ್ಜಿಗೆ ಸುಡುವ ಬದನೆಕಾಯಿ, ಎಲ್ಲಾ ಇದರಲ್ಲೇ. ಹೊಸದಾಗಿ ಕೊಂಡವರು ಬರೆಯುವ ವಿಮರ್ಶೆಯಲ್ಲಿ ಕೇಕು ಎಷ್ಟು ಚೆನ್ನಾಗಿ ಉಬ್ಬಿತು ಅಂತ ಇರುತ್ತದೆ. ನಾನು ಬರೆಯುತ್ತಿರುವುದು ಇದು ಕೈಕೊಟ್ಟ ಎರಡು ಸಲದ ಬಗ್ಗೆ. ಒಂದು ಸಲ ನಾನೇ ಬಿಚ್ಚಿ ಸರಿಮಾಡಿದೆ. ಇನ್ನೊಂದು ಸಲ ಅರ್ಧಕ್ಕೆ ನಿಲ್ಲಿಸಿ ರಿಪೇರಿಯವರನ್ನು ಕರೆದೆ. ಕಂಪನಿ ಹೆಸರು ಬೇಡ ಬಿಡಿ.

ಮೊದಲ ತೊಂದರೆ ಬಂದದ್ದು ಮೂರನೇ ವರ್ಷ. ಖಾರಾ ಬನ್ ಮೇಲೆ ಚೆನ್ನಾಗಿ ಕೆಂಪಾಗಿತ್ತು. ಅತ್ತೆ ಒಂದನ್ನು ತಿರುಗಿಸಿ ನೋಡಿ, "ಕೆಳಗೆ ಬೆಂದೇ ಇಲ್ಲ ಕಣಮ್ಮಾ, ಹಿಟ್ಟು ಹಂಗೇ ಇದೆ" ಅಂದರು. ಮುಂದಿನ ಸಲ ಅಡುಗೆಮನೆ ದೀಪ ಆರಿಸಿ ಗಾಜಿನೊಳಗೆ ಇಣುಕಿದೆ. ಮೇಲಿನ ಎರಡು ರಾಡ್ ಕೆಂಪಗಿದ್ದವು. ಕೆಳಗಿನ ಎರಡೂ ಕಪ್ಪು.

ಇಲ್ಲಿ ಒಂದು ವಿಷಯ. ರಾಡ್ ಕೆಂಪಾಗಿಲ್ಲ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತ ಅಲ್ಲ. 150 ಡಿಗ್ರಿಗೆ ಇಟ್ಟರೆ ಆ ಬಿಸಿ ಬಂದ ಕೂಡಲೇ ಥರ್ಮೋಸ್ಟ್ಯಾಟ್ ಕರೆಂಟ್ ಕಡಿಯುತ್ತದೆ, ರಾಡ್ ಕಪ್ಪಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿಕೊಳ್ಳುತ್ತದೆ. ಹಾಗಾಗಿ ಬಿಸಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಮೇಲೆ ಕೆಳಗೆ ಎರಡೂ ಹತ್ತುವ ಗುರುತಿಗೆ ಇನ್ನೊಂದು ಗುಂಡಿ ಇಟ್ಟು, ಟೈಮರ್ ಕೊಟ್ಟು, ಐದು ನಿಮಿಷ ಕಾದು ನೋಡಬೇಕು. ನಾನು ಹಾಗೇ ನೋಡಿದೆ. ಕೆಳಗಿನವು ಆಗಲೂ ಕಪ್ಪೇ.

ಒಟ್ಟಿಗೆ ಎರಡು ರಾಡ್ ಹೋಗುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು. ನಮ್ಮ ಓಟಿಜಿಯಲ್ಲಿ ಕೆಳಗಿನ ಎರಡು ರಾಡ್ ಒಂದರ ಹಿಂದೆ ಒಂದು ಜೋಡಿಸಿವೆ, ದೀಪಾವಳಿಗೆ ಹಾಕುವ ಹಳೇ ಸೀರಿಯಲ್ ಸೆಟ್ ಥರ. ಒಂದು ಬಲ್ಬ್ ಹೋದರೆ ಸಾಲೇ ಆರುತ್ತಿತ್ತಲ್ಲ, ಹಾಗೆ. ಅಂದರೆ ಕೆಟ್ಟಿರುವುದು ಒಂದೇ ಇರಬಹುದು. ಯಾವುದು ಅಂತ ಹುಡುಕಬೇಕು.

ಎರಡು ವರ್ಷದ ವಾರಂಟಿ ಆಗಲೇ ಮುಗಿದಿತ್ತು. ಮುಗಿದಿರದಿದ್ದರೆ ಸ್ಕ್ರೂ ಮುಟ್ಟುತ್ತಿರಲಿಲ್ಲ.

ಎಸ್‌ಪಿ ರೋಡಿನಲ್ಲಿ ಒಂದು ಹಳದಿ ಮಲ್ಟಿಮೀಟರ್ ಕೊಂಡೆ, ಅಗ್ಗದ್ದೇ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಓಟಿಜಿ ಮೇಲೆ ಇಟ್ಟುಕೊಳ್ಳಬೇಕು. ಹಳೇ ಮನೆಗಳಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದ ಮೇಲೂ ಒಳಗೆ ಕರೆಂಟ್ ಇರುತ್ತದೆ. ಒಂದು ಗಂಟೆ ಆರಲು ಬಿಟ್ಟು ಪಕ್ಕದ ತಗಡು ಬಿಚ್ಚಿದೆ. ತಗಡಿನ ಅಂಚು ಕೈ ಕೊಯ್ಯುತ್ತದೆ, ನನಗೆ ಕೊಯ್ಯಿತು. ಯಾವ ವೈರ್ ಎಲ್ಲಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಆಮೇಲೆ ರಾಡ್‌ಗಳ ತುದಿಯ ವೈರ್‌ಗಳನ್ನು ಕಳಚಿದೆ. ವೈರ್ ಕಳಚದೆ ಅಳೆದರೆ ಬೇರೆ ದಾರಿಯಲ್ಲಿ ಸುತ್ತಿ ಬಂದ ಲೆಕ್ಕವೂ ಸೇರಿ ಸುಳ್ಳು ಅಂಕಿ ಬರಬಹುದು.

ಇಲ್ಲೇ ನಾನು ಎಡವಿದ್ದು. ಮೀಟರನ್ನು ಬೀಪ್ ಗುರುತಿಗೆ ಇಟ್ಟು, ಮೊದಲು ಚೆನ್ನಾಗಿ ಹತ್ತುತ್ತಿದ್ದ ಮೇಲಿನ ಜೋಡಿಯ ಎರಡು ತುದಿಗೆ ಹಿಡಿದೆ. ಸದ್ದೇ ಇಲ್ಲ! ಅಯ್ಯೋ, ಬಿಚ್ಚುವಾಗ ಇದನ್ನೂ ಕೆಡಿಸಿಬಿಟ್ಟೆನಾ ಅಂತ ಹೆದರಿದೆ. ತಪ್ಪು ರಾಡಿನದಲ್ಲ, ಬೀಪಿನದು. ಇಂಥ ಮೀಟರ್‌ಗಳು ದಾರಿಯ ತಡೆ ತೀರಾ ಕಡಿಮೆ ಇದ್ದರೆ ಮಾತ್ರ ಕೂಗುತ್ತವೆ. ನನ್ನದು ಸುಮಾರು 50 ಓಮ್ ದಾಟಿದರೆ ಸುಮ್ಮನಿರುತ್ತದೆ. ವೈರ್ ಕಡಿದಿದೆಯಾ ಅಂತ ನೋಡಲು ಬೀಪ್ ಸಾಕು. ಬಿಸಿ ಮಾಡುವ ರಾಡಿಗೆ ಅದು ನಂಬುವಂಥದ್ದಲ್ಲ. ಗುಂಡಿಯನ್ನು ಓಮ್ ಅಳೆಯುವ ಕಡೆ 200ಕ್ಕೆ ತಿರುಗಿಸಿ ಅಂಕಿ ಓದಬೇಕು.

ಅಂಕಿ ಎಷ್ಟು ಬರಬೇಕು? ನಮ್ಮದರ ಹಿಂದಿನ ಚೀಟಿಯಲ್ಲಿ 1500 ವ್ಯಾಟ್ ಅಂತ ಇದೆ. ಮೇಲಿನ ಜೋಡಿಗೆ 750, ಕೆಳಗಿನ ಜೋಡಿಗೆ 750. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. 230 × 230 ÷ 750, ಅಂದರೆ ಸುಮಾರು 70. ಜೋಡಿಗೆ 70 ಆದರೆ ಒಂದು ರಾಡಿಗೆ 35. ಮೇಲಿನ ಜೋಡಿ 71 ತೋರಿಸಿತು. ಸಮಾಧಾನ ಆಯಿತು. ಕೆಳಗಿನ ಎಡ ರಾಡ್ 35.8. ಬಲ ರಾಡಿಗೆ ಹಿಡಿದರೆ ಪರದೆಯ ಎಡ ಮೂಲೆಯಲ್ಲಿ ಒಂಟಿ 1 ಮಾತ್ರ. ಅದು ಒಂದು ಓಮ್ ಅಲ್ಲ, ಈ ಮೀಟರಿನ ಭಾಷೆಯಲ್ಲಿ "ಅಳೆಯಲು ಆಗದಷ್ಟು ಜಾಸ್ತಿ" ಅಂತ. ಮುಂದಿನ ದೊಡ್ಡ ಗುರುತಿಗೆ ತಿರುಗಿಸಿದರೂ 1 ಹಾಗೇ ನಿಂತಿತ್ತು. ಒಳಗಿನ ತಂತಿ ಕಡಿದಿದೆ ಅಂತ ಖಾತ್ರಿ ಆಯಿತು.

ಕಡಿದ ರಾಡನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. ಅವರು ಅಷ್ಟೇ ಉದ್ದದ್ದು, ಅಷ್ಟೇ ವ್ಯಾಟಿನದು ಅಂತ ಒಂದು ಕೊಟ್ಟರು. ಮೀಟರ್ ಬ್ಯಾಗಿನಲ್ಲೇ ಇತ್ತು, ಅಲ್ಲೇ ಹಿಡಿದು ನೋಡಿದೆ. 140 ಓಮ್! ಅದು ನೇರವಾಗಿ 230 ವೋಲ್ಟಿಗೆ ಹಾಕುವ ರಾಡ್. ನಮಗೆ ಬೇಕಾದದ್ದು ಜೋಡಿಯಲ್ಲಿ ಅರ್ಧ ವೋಲ್ಟ್ ಹಂಚಿಕೊಳ್ಳುವ 115 ವೋಲ್ಟಿನದು. ಅವರು ಕೊಟ್ಟದ್ದನ್ನೇ ಹಾಕಿದ್ದರೆ ಜೋಡಿ 175 ಓಮ್ ಆಗಿ, 750 ವ್ಯಾಟಿನ ಜಾಗದಲ್ಲಿ ಬರೀ 300 ವ್ಯಾಟ್ ಬಿಸಿ ಬರುತ್ತಿತ್ತು. ಬನ್ನಿನ ತಳ ಮತ್ತೆ ಬಿಳೀನೇ. ಇನ್ನೆರಡು ಅಂಗಡಿ ತಿರುಗಿದ ಮೇಲೆ 36 ಓಮಿನದು ಸಿಕ್ಕಿತು. ಹಾಕಿದೆ, ಹತ್ತಿತು. ಮನೆಯಲ್ಲಿ ಒಂದು ವಾರ ನನ್ನದೇ ಮಾತು.

ಎರಡನೇ ಸಲ ಕೈಕೊಟ್ಟದ್ದು ಕಳೆದ ಮಳೆಗಾಲದಲ್ಲಿ. ಒಂದೂವರೆ ತಿಂಗಳು ಊರಿನಲ್ಲಿದ್ದೆವು. ವಾಪಸ್ ಬಂದು ಓಟಿಜಿ ಹಾಕಿದ ಐದು ನಿಮಿಷಕ್ಕೆ ಮನೆಯ ಕರೆಂಟೆಲ್ಲಾ ಹೋಯಿತು. ಬೆಸ್ಕಾಂ ಕರೆಂಟ್ ಇತ್ತು, ನಮ್ಮ ಮೀಟರ್ ಬೋರ್ಡಿನ ಪಕ್ಕದ ಆರ್‌ಸಿಸಿಬಿ ಅನ್ನುವ ಸುರಕ್ಷತೆಯ ಸ್ವಿಚ್ ಬಿದ್ದಿತ್ತು. ಎತ್ತಿ ಮತ್ತೆ ಹಾಕಿದೆ, ಮತ್ತೆ ಬಿತ್ತು. ಹೋಗುವ ಕರೆಂಟಿಗೂ ವಾಪಸ್ ಬರುವ ಕರೆಂಟಿಗೂ ವ್ಯತ್ಯಾಸ ಬಂದರೆ ಅದು ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪ್‌ನದು ಇರುತ್ತದೆ. ಅಂದರೆ ಎಲ್ಲೋ ಕರೆಂಟ್ ಸೋರಿ ಓಟಿಜಿಯ ತಗಡಿಗೆ, ಅಲ್ಲಿಂದ ಅರ್ಥಿಗೆ ಹೋಗುತ್ತಿದೆ.

ಹೋದ ಸಲದ ಧೈರ್ಯದಲ್ಲಿ ಪ್ಲಗ್ ಕಿತ್ತು, ಬಿಚ್ಚಿ, ಅಳೆದೆ. ಮೇಲಿನ ಜೋಡಿ 71, ಕೆಳಗಿನದು 72. ಆಮೇಲೆ ಒಂದು ಪ್ರೋಬ್ ರಾಡಿನ ತುದಿಗೆ, ಇನ್ನೊಂದು ರಾಡಿನ ಹೊರಗಿನ ಸ್ಟೀಲಿಗೆ ಹಿಡಿದು, ಮೀಟರಿನ ಅತಿ ದೊಡ್ಡ ಗುರುತಿನಲ್ಲಿ ನೋಡಿದೆ. ಅಲ್ಲಿ ಏನೂ ದಾಟಬಾರದು. ಏನೂ ದಾಟಲಿಲ್ಲ, 1 ನಿಂತಿತ್ತು. ಮೀಟರ್ ಪ್ರಕಾರ ಎಲ್ಲಾ ಸರಿ. ಆದರೂ ಆರ್‌ಸಿಸಿಬಿ ಬೀಳುತ್ತಿದೆ. ನಾನು ಅಲ್ಲಿಗೆ ನಿಲ್ಲಿಸಿದೆ. ಅಳತೆಗೂ ಕಣ್ಣೆದುರಿನ ತೊಂದರೆಗೂ ಹೊಂದುತ್ತಿಲ್ಲ ಅಂದರೆ ನನ್ನ ಸಾಮಾನಿಗೆ ಸಿಗದ ತೊಂದರೆ ಅದು. ಪಕ್ಕದ ಮನೆಯವರೊಬ್ಬರು "ಅರ್ಥ್ ಪಿನ್ ತೆಗೆದು ಹಾಕಿ, ಬೀಳಲ್ಲ" ಅಂದರು. ಹಾಗೆ ಮಾಡಿದರೆ ಸೋರುವುದು ನಿಲ್ಲುವುದಿಲ್ಲ. ಸೋರಿದ ಕರೆಂಟ್ ತಗಡಿನಲ್ಲೇ ನಿಂತು, ಬಾಗಿಲು ತೆಗೆಯಲು ಬರುವ ಕೈಗೆ ಕಾಯುತ್ತಿರುತ್ತದೆ.

ರಿಪೇರಿಯವರು ಬಂದರು. ನಾನು ನನ್ನ ಅಂಕಿಗಳನ್ನೆಲ್ಲಾ ಹೇಳಿದೆ. ನಕ್ಕು, ಸೋರಿಕೆ ಪರೀಕ್ಷಿಸುವ ಮೆಗ್ಗರ್ ಹೊರಗೆ ತೆಗೆದರು. "ಮೇಡಂ, ನಿಮ್ಮ ಮೀಟರ್ ಬ್ಯಾಟರಿಯಲ್ಲಿ ಮೆತ್ತಗೆ ಕೇಳುತ್ತೆ. ಇದು 500 ವೋಲ್ಟ್ ಹಾಕಿ ಕೇಳುತ್ತೆ" ಅಂದರು. ಮೂರು ರಾಡ್ ಪಾಸಾದವು. ನಾಲ್ಕನೆಯದಕ್ಕೆ 500 ವೋಲ್ಟ್ ಬಿದ್ದ ಕೂಡಲೇ ಅಳತೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಯಾವುದು ಅಂತೀರಿ? ನಾನು ಹಾಕಿದ್ದೇ. ತುದಿಯ ನಟ್ಟನ್ನು ಜಾಸ್ತಿ ಬಿಗಿದಿದ್ದೆ, ಅಲ್ಲಿನ ಪಿಂಗಾಣಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ರಾಡಿನೊಳಗೆ ತಂತಿಗೂ ಸ್ಟೀಲಿಗೂ ಮಧ್ಯೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಒಣಗಿದ್ದರೆ ಅದು ಕರೆಂಟ್ ಬಿಡುವುದಿಲ್ಲ, ಆದರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬಿರುಕಿನಿಂದ ಒಂದೂವರೆ ತಿಂಗಳ ಮಳೆಗಾಲದ ತೇವ ಒಳಗೆ ಹೋಗಿತ್ತು. ಬರೀ ತೇವವಾಗಿದ್ದರೆ ಒಣಗಿಸಿ ನೋಡಬಹುದಿತ್ತು, ಬಿರುಕು ಇರುವಾಗ ಬದಲಿಸುವುದೇ ಸರಿ ಅಂದರು. ಕೆಳಗಿನ ಎರಡೂ ರಾಡನ್ನು ಬದಲಿಸಿ, ಬಿಸಿ ಮಾಡಿ, ಮತ್ತೊಮ್ಮೆ ಮೆಗ್ಗರ್ ಹಿಡಿದು ತೋರಿಸಿ ಹೋದರು.

ಅವರ ಹತ್ತಿರ ಇನ್ನೂ ಎರಡು ವಿಷಯ ಕೇಳಿಕೊಂಡೆ. ರಾಡಿನ ತುದಿಗೆ ವೈರ್ ಸಿಕ್ಕಿಸುವ ಲೋಹದ ಲಗ್ ಸುಟ್ಟು ಕರಗಿದ್ದರೆ ಅಲ್ಲಿಗೆ ಮಾಮೂಲಿ ಪ್ಲಾಸ್ಟಿಕ್ ವೈರ್ ಸೇರಿಸಿ ಟೇಪು ಸುತ್ತಬಾರದು, ಬೆಸುಗೆಯೂ ನಿಲ್ಲುವುದಿಲ್ಲ. ಬಿಸಿ ತಡೆಯುವ ಫೈಬರ್ ಗ್ಲಾಸ್ ಹೊದಿಕೆಯ ವೈರೇ ಬೇಕು, ಲಗ್ಗನ್ನು ಅದಕ್ಕೆ ಒತ್ತಿ ಕೂರಿಸಬೇಕು. ಇನ್ನೊಂದು, ಕನ್ವೆಕ್ಷನ್ ಮೈಕ್ರೋವೇವ್ ಇರುವವರು ಇದನ್ನೆಲ್ಲಾ ಓದಿ ಅದರ ತಗಡು ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು.

ಈ ಓಟಿಜಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಬಿಸಿ ಸಮನಾಗಿ ಬರುತ್ತದೆ, ಗಾಜು ಗಟ್ಟಿ, ಪಕ್ಕದ ತಗಡು ನಾಲ್ಕೇ ಸ್ಕ್ರೂಗೆ ಬಿಚ್ಚಿಕೊಳ್ಳುತ್ತದೆ. ಒಂದೂವರೆ ಕಡಿದದ್ದು ರಾಡಿನ ಮೇಲೆ ವೋಲ್ಟು ವ್ಯಾಟು ಏನೂ ಬರೆಯದೆ ಬಿಟ್ಟಿರುವುದಕ್ಕೆ. ಹೊಸ ರಾಡ್‌ಗಳ ಅಂಕಿಯನ್ನು ನಾನೇ ಮಾರ್ಕರಿನಲ್ಲಿ ತಗಡಿನ ಒಳಗೆ ಬರೆದಿಟ್ಟಿದ್ದೇನೆ: ಎಡ 35.5, ಬಲ 35.7.