ನಾಲ್ಕು ಖಾತೆ, ಮೂರು ದಾರಿ: ಹಬ್ಬದ ಸೀಸನ್‌ಗೆ ಬಫರ್ ಕೇಳುತ್ತಿರುವುದು ಯಾಕೆ

ಮೇಡಂ, ನಮಸ್ಕಾರ.

ಅಂಗಡಿಯ ಪೋಸ್ಟ್‌ಗಳನ್ನು ಕೈಯಲ್ಲೇ ಹಾಕುವುದು ಬಿಟ್ಟು, ಮೊದಲೇ ಬರೆದಿಟ್ಟ ಪೋಸ್ಟ್‌ಗಳನ್ನು ಹೇಳಿದ ಹೊತ್ತಿಗೆ ತಾನೇ ಹಾಕುವ ಬಫರ್ ಅನ್ನೋ ಟೂಲ್‌ಗೆ ಹೋಗೋಣ ಅಂತ ಕೇಳಲು ಈ ಪತ್ರ. ಗಣೇಶ ಹಬ್ಬದ ತಯಾರಿಯಿಂದ ದೀಪಾವಳಿ ಮುಗಿಯುವವರೆಗೆ ಮೂರು ತಿಂಗಳಿಗೆ ಒಪ್ಪಿಗೆ ಕೊಟ್ಟರೆ ಸಾಕು. ಬೇರೆ ದಾರಿಗಳನ್ನೂ ನೋಡಿಯೇ ಬರೆಯುತ್ತಿದ್ದೇನೆ.

ಮೊದಲು ಈಗಿನ ಸ್ಥಿತಿ. ಫೋಟೊ ತೆಗೆದು, ಬರಹ ರೆಡಿ ಮಾಡಿದ ಮೇಲಿನ ಕೆಲಸವನ್ನಷ್ಟೇ ಲೆಕ್ಕ ಹಾಕಿದ್ದೇನೆ. ಫೇಸ್‌ಬುಕ್‌ಗೆ ಸುಮಾರು 4 ನಿಮಿಷ, ಇನ್‌ಸ್ಟಾಗ್ರಾಂಗೆ 6, ಗೂಗಲ್‌ನ ಅಂಗಡಿ ಪ್ರೊಫೈಲ್‌ಗೆ 5, ಎಕ್ಸ್‌ಗೆ 7. ಎಕ್ಸ್‌ಗೆ ಜಾಸ್ತಿ ಯಾಕೆ ಅಂದರೆ ಅಲ್ಲಿ 280ರ ಮಿತಿ ಇದೆ, ಮತ್ತು ಕನ್ನಡದ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆ. ‘ಸೀರೆ’ ಎರಡಕ್ಷರ, ಅಲ್ಲಿ ನಾಲ್ಕು. ಹಾಗಾಗಿ ಪ್ರತಿ ಸಲ ಬರಹ ಕತ್ತರಿಸಬೇಕು. ಒಟ್ಟು ಒಂದು ಪೋಸ್ಟ್‌ಗೆ 22 ನಿಮಿಷ, ವಾರಕ್ಕೆ ಐದು ಪೋಸ್ಟ್ ಅಂದರೆ 110 ನಿಮಿಷ. ಅದೂ ಸಂಜೆ ಏಳು ಗಂಟೆಗೆ, ಗಿರಾಕಿಗಳು ಸೀರೆ ಬಿಡಿಸಿ ನೋಡುತ್ತಿರುವ ಹೊತ್ತಿಗೆ.

ಎರಡನೇ ದಾರಿ ಫೇಸ್‌ಬುಕ್ ಕಂಪನಿಯದೇ ಟೂಲ್ ಆದ ಮೆಟಾ ಬಿಸಿನೆಸ್ ಸೂಟ್. ಪೂರ್ತಿ ಉಚಿತ, ಚೆನ್ನಾಗಿಯೂ ಇದೆ. ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮಾತ್ರ ಒಟ್ಟಿಗೆ ಹೋಗುತ್ತವೆ. ಗೂಗಲ್, ಎಕ್ಸ್ ಮತ್ತೆ ಕೈಯಲ್ಲೇ. ಒಂದು ಪೋಸ್ಟ್‌ಗೆ 17 ನಿಮಿಷ ಹಿಡಿಯಿತು. ಉಳಿದದ್ದು ಐದೇ ನಿಮಿಷ.

ಬಫರ್‌ನಲ್ಲಿ ನಾಲ್ಕೂ ಒಂದೇ ಕಡೆ. ಎಕ್ಸ್‌ಗೆ ಬೇಕಾದ ಚಿಕ್ಕ ಬರಹವನ್ನು ಅಲ್ಲೇ ಪಕ್ಕದಲ್ಲಿ ತಿದ್ದಬಹುದು. ಒಂದು ಪೋಸ್ಟ್‌ಗೆ 8 ನಿಮಿಷ, ವಾರಕ್ಕೆ 40. ಸೋಮವಾರ ಬೆಳಿಗ್ಗೆ ಎಲ್ಲ ಸರಿಯಿದೆಯಾ ಅಂತ ನೋಡಲು ಇನ್ನೊಂದು 10 ಸೇರಿಸಿ. ವಾರಕ್ಕೆ ಒಂದು ಗಂಟೆ ಉಳಿಯುತ್ತದೆ. ದಿನಕ್ಕೊಂದು ಪೋಸ್ಟ್ ಹಾಕುವ ದಸರಾ ವಾರಗಳಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಇನ್‌ಸ್ಟಾಗ್ರಾಂನ ಹಾಡು ಸೇರಿಸುವ ರೀಲ್ಸ್ ಮಾತ್ರ ಫೋನಿನಿಂದಲೇ ಹಾಕಬೇಕು. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಇನ್ನೊಂದು ದೊಡ್ಡ ಟೂಲ್ ಕೂಡ ನೋಡಿದೆ. ನಮಗೆ ಬೇಡದ ವರದಿಗಳಿಗೇ ಅದರ ದುಡ್ಡು ಹೋಗುತ್ತದೆ. ಬಿಟ್ಟೆ.

ಈಗ ತಲೆನೋವಿನ ವಿಷಯ. ಇದನ್ನು ನೀವು ಮೊದಲೇ ತಿಳಿದಿರಬೇಕು. ಯಾವ ಟೂಲ್ ತಗೊಂಡರೂ ಅದು ಫೇಸ್‌ಬುಕ್ ಪೇಜಿಗೆ ಹೋಗುವುದು ಯಾರೋ ಒಬ್ಬರ ಸ್ವಂತ ಲಾಗಿನ್ ಮೂಲಕ. ಅವರು ಪಾಸ್‌ವರ್ಡ್ ಬದಲಾಯಿಸಿದರೆ ಟೂಲ್‌ಗೆ ಕೊಟ್ಟ ಅನುಮತಿ ಅಲ್ಲಿಗೇ ಮುಗಿಯಬಹುದು. ಅವರನ್ನು ಪೇಜಿನ ಅಡ್ಮಿನ್ ಸ್ಥಾನದಿಂದ ತೆಗೆದರೂ ಅಷ್ಟೇ. ಪರೀಕ್ಷೆ ಮಾಡುತ್ತಿದ್ದಾಗ ನಮ್ಮಲ್ಲೂ ಹೀಗೇ ಆಯಿತು. ಪೇಜಿನ ಅಡ್ಮಿನ್ ಆಗಿರುವ ನಮ್ಮ ಹುಡುಗ ಹೊಸ ಫೋನ್ ತಗೊಂಡು ಪಾಸ್‌ವರ್ಡ್ ಬದಲಿಸಿದ. ಶನಿವಾರ ಸಂಜೆಯ ಇಳಕಲ್ ಸೀರೆ ಪೋಸ್ಟ್ ಗೂಗಲ್‌ಗೂ ಎಕ್ಸ್‌ಗೂ ಸರಿಯಾಗಿ ಹೋಯಿತು, ಫೇಸ್‌ಬುಕ್‌ಗೆ ಹೋಗಲೇ ಇಲ್ಲ.

ಕಷ್ಟ ಏನೆಂದರೆ, ಬಫರ್‌ನ ಕ್ಯಾಲೆಂಡರ್ ನೋಡಿದರೆ ಏನೂ ಗೊತ್ತಾಗಲಿಲ್ಲ. ಮುಂದಿನ ಪೋಸ್ಟ್‌ಗಳೆಲ್ಲ ಸಾಲಾಗಿ ಕೂತಿದ್ದವು. ಹೋಗಿಲ್ಲ ಅಂತ ಒಂದು ಮೇಲ್ ಬಂದಿತ್ತು, ಅದೂ ಖಾತೆ ತೆರೆದಾಗ ಕೊಟ್ಟ ಮೇಲ್ ಐಡಿಗೆ. ವಾರಾಂತ್ಯದಲ್ಲಿ ಅದನ್ನು ಯಾರು ನೋಡುತ್ತಾರೆ? ಮತ್ತೆ ಜೋಡಿಸಲು ಎರಡು ನಿಮಿಷ ಸಾಕಾಯಿತು, ಆದರೆ ಶನಿವಾರದ ಸಂಜೆ ಕೈ ತಪ್ಪಿತ್ತು.

ಅದಕ್ಕೇ ಮೂರು ಏರ್ಪಾಡು ಬೇಕು. ಪೇಜನ್ನು ನಿಮ್ಮ ಲಾಗಿನ್‌ನಿಂದಲೇ ಜೋಡಿಸೋಣ, ಯಾಕೆಂದರೆ ಕೆಲಸದ ಹುಡುಗರು ಬದಲಾಗುತ್ತಾರೆ. ಬಫರ್ ಖಾತೆಯನ್ನು ಅಂಗಡಿಯ ಮೇಲ್ ಐಡಿಯಲ್ಲಿ ತೆರೆಯೋಣ, ಆ ಮೇಲ್ ಕೌಂಟರ್‌ನ ಕಂಪ್ಯೂಟರ್‌ನಲ್ಲಿ ದಿನವಿಡೀ ತೆರೆದೇ ಇರುತ್ತದೆ. ಸೋಮವಾರದ 10 ನಿಮಿಷದಲ್ಲಿ ನಾನು ಕ್ಯಾಲೆಂಡರ್ ಜೊತೆಗೆ ಖಾತೆಗಳ ಪಟ್ಟಿಯನ್ನೂ ತೆರೆದು, ಯಾವುದಾದರೂ ಮತ್ತೆ ಜೋಡಿಸು ಅಂತ ಕೇಳುತ್ತಿದೆಯಾ ನೋಡುತ್ತೇನೆ.

ಉಚಿತ ಪ್ಲಾನ್ ಸಾಲದಾ ಅಂತ ನೀವು ಕೇಳಬಹುದು. ಅದರಲ್ಲಿ ಮೂರು ಖಾತೆ, ಒಂದೊಂದಕ್ಕೆ ಒಮ್ಮೆಗೆ ಹತ್ತು ಪೋಸ್ಟ್ ಮಾತ್ರ. ಬೇರೆ ತಿಂಗಳಲ್ಲಾದರೆ ಎಕ್ಸ್ ಒಂದನ್ನು ಕೈಯಲ್ಲಿ ಹಾಕಿಕೊಂಡು ಅದರಲ್ಲೇ ನಡೆಸಬಹುದು. ದೀಪಾವಳಿ ಆದ ಮೇಲೆ ಹಾಗೇ ಮಾಡೋಣ. ಆದರೆ ಹಬ್ಬದ ಮುಂಚೆ ನಾನು ಒಮ್ಮೆ ಕೂತರೆ ಇಡೀ ತಿಂಗಳದ್ದು ಮುಗಿಸುವವಳು. ದಿನಕ್ಕೊಂದರಂತೆ ಹತ್ತು ದಿನಕ್ಕೇ ಜಾಗ ಖಾಲಿಯಾದರೆ ದಸರಾ ನೂಕುನುಗ್ಗಲಿನ ನಡುವೆ ಮತ್ತೆ ಕೂರಬೇಕು.

ದುಡ್ಡಿನ ಲೆಕ್ಕ ಹೀಗಿದೆ. ಖಾತೆಗೆ ತಿಂಗಳಿಗೆ 6 ಡಾಲರ್‌ನಂತೆ ನಾಲ್ಕಕ್ಕೆ 24. ಡಾಲರಿಗೆ 88 ರೂಪಾಯಿ ಹಿಡಿದರೆ 2,112 ರೂಪಾಯಿ. ಜಿಎಸ್‌ಟಿ, ಬ್ಯಾಂಕಿನ ಕರೆನ್ಸಿ ಶುಲ್ಕ ಸೇರಿಸಿ 2,700 ಇಟ್ಟುಕೊಂಡರೆ ಮೂರು ತಿಂಗಳಿಗೆ 8,100. ವರ್ಷದ ಪ್ಲಾನ್‌ನಲ್ಲಿ ದರ ಕಡಿಮೆ, ಆದರೂ ತಿಂಗಳ ಪ್ಲಾನ್ ಸಾಕು. ಸೀಸನ್ ಮುಗಿದ ಮೇಲೆ ನಿಲ್ಲಿಸಬಹುದು.

ನೀವು ಒಪ್ಪಿದರೆ ಅಂಗಡಿಯ ಕಾರ್ಡ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡಲು ಅಕೌಂಟ್ಸ್‌ನವರಿಗೆ ಹೇಳಿಬಿಡಿ. ಅದು ಆಫ್ ಇದ್ದರೆ ಪೇಮೆಂಟ್ ಮುಂದಕ್ಕೆ ಹೋಗುವುದಿಲ್ಲ. ಪೇಜ್ ಜೋಡಿಸಲು ನಿಮ್ಮ ಐದು ನಿಮಿಷ ಬೇಕು, ಈ ವಾರ ಯಾವಾಗ ಬರಲಿ?