ಟೈಲ್ಸ್‌ಗೆ ತೂತು ಹೊಡೆಸುವ ಮುನ್ನ ಇದನ್ನೊಮ್ಮೆ ಓದಿ: ನಮ್ಮ ಬಚ್ಚಲುಮನೆ ಗೋಡೆಯೊಳಗೆ ಗೊತ್ತೇ ಆಗದೆ ಸೋರಿದ ಪೈಪ್

ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಮನೆಗೆ ಬಂದ ವಾರ ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲ್ ರಾಡ್ ಹಾಕಿಸಿದೆವು. ಹದಿನೆಂಟು ಇಂಚಿನ ರಾಡ್, ಎರಡು ತುದಿಗೂ ಮೂರು ಮೂರು ಸ್ಕ್ರೂ, ಒಟ್ಟು ಆರು ತೂತು. ರಾಡ್ ಕೊಂಡ ಅಂಗಡಿಯವರೇ ಹುಡುಗನೊಬ್ಬನನ್ನು ಕಳಿಸಿದರು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೋದ. ಆ ಇಪ್ಪತ್ತು ನಿಮಿಷದಲ್ಲಿ ಮೂರು ತಪ್ಪುಗಳಾಗಿದ್ದವು. ಮೂರೂ ನನ್ನ ಕಣ್ಣೆದುರಿಗೇ ನಡೆದವು, ಆದರೆ ಅವು ತಪ್ಪು ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಟವೆಲ್ ರಾಡ್, ಸೋಪ್ ಸ್ಟ್ಯಾಂಡ್, ಕನ್ನಡಿ ಏನೇ ಹಾಕಿಸುವುದಿದ್ದರೂ ಈ ಮೂರನ್ನು ನೀವು ಗುರುತಿಸುವಂತಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಶುರುವಿನಲ್ಲೇ ಆಯಿತು. ಅವನು ಗೋಡೆಗೆ ಹಾಕುವ ಮಾಮೂಲಿ ಬಿಟ್ ಸಿಕ್ಕಿಸಿ, ಡ್ರಿಲ್ಲನ್ನು ಕುಟ್ಟುತ್ತ ತಿರುಗುವ ಹ್ಯಾಮರ್ ಮೋಡಿನಲ್ಲಿ ಇಟ್ಟುಕೊಂಡೇ ಟೈಲ್ಸ್ ಮೇಲೆ ಒತ್ತಿದ. ಬಿಟ್ ನುಣುಪಿನ ಮೇಲೆ ಜಾರಿ ಒಂದು ಗೀರು ಎಳೆಯಿತು. ಮತ್ತೆ ಒತ್ತಿದಾಗ ‘ಟಕ್’ ಅಂತ ಸದ್ದಾಗಿ ತೂತಿನಿಂದ ಟೈಲ್ಸ್ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು ಬಿತ್ತು. ತೂತು ಅಂಚಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿತ್ತು ಅಷ್ಟೆ. “ಏನೂ ಆಗಲ್ಲ ಮೇಡಂ, ರಾಡಿನ ಬಿಲ್ಲೆ ಅಡಿಯಲ್ಲಿ ಮುಚ್ಚೋಗುತ್ತೆ” ಅಂದ. ನಾನೂ ಸುಮ್ಮನಾದೆ.

ಎರಡನೆಯದು ಕೆಳಗಿನ ತುದಿಯ ಕೊನೆಯ ತೂತು. ಅಲ್ಲಿ ಡ್ರಿಲ್ ಕೊನೆಗೆ ತುಸು ಮೆತ್ತಗೆ ಒಳಹೋದ ಹಾಗೆ ಸದ್ದು ಬದಲಾಯಿತು. ಅವನು ಹೋದ ಮೇಲೆ ನೆಲ ಗುಡಿಸುವಾಗ ಬಿಳಿ, ಬೂದು, ಇಟ್ಟಿಗೆ ಬಣ್ಣದ ಪುಡಿಯ ಜೊತೆ ಕೆನೆ ಬಣ್ಣದ ಪುಟ್ಟ ಸುರುಳಿಗಳು ಮೂರ್ನಾಲ್ಕು ಕಂಡವು, ಪೆನ್ಸಿಲ್ ಹೆರೆದ ಸಿಪ್ಪೆಯ ಹಾಗೆ. ಸ್ಕ್ರೂ ಹಿಡಿಯಲೆಂದು ತೂತಿಗೆ ತುರುಕುವ ಪ್ಲಾಸ್ಟಿಕ್ ಪ್ಲಗ್‌ನದ್ದಿರಬೇಕು ಅಂದುಕೊಂಡು ಮೊರಕ್ಕೆ ಗುಡಿಸಿ ಹಾಕಿದೆ. ಪ್ಲಗ್ ಬೂದು ಬಣ್ಣದ್ದು. ಕೆನೆ ಬಣ್ಣ ಬಿಸಿನೀರಿನ ಸಿಪಿವಿಸಿ ಪೈಪಿನದ್ದು. ಡ್ರಿಲ್ ಮಾಡಿದ ತೂತಿನಿಂದ ಪುಡಿಯ ಬದಲು ಪ್ಲಾಸ್ಟಿಕ್ ಸಿಪ್ಪೆ ಬಂದರೆ ಅಲ್ಲೇ ಕೆಲಸ ನಿಲ್ಲಿಸಿ, ಆ ತೂತಿಗೆ ಸ್ಕ್ರೂ ಹಾಕಲು ಬಿಡಬೇಡಿ.

ಪೈಪಿಗೆ ತಾಗಿದ್ದರೆ ಆಗಲೇ ನೀರು ಚಿಮ್ಮಬೇಕಿತ್ತಲ್ಲ ಅಂತ ನಿಮಗನ್ನಿಸಬಹುದು. ಬಿಟ್ ಪೈಪಿನ ಮೈಯನ್ನು ಕೆರೆದಿತ್ತು, ಒಳಗೆ ಹೋಗಿರಲಿಲ್ಲ. ಆಮೇಲೆ ತಿರುಗಿಸಿದ ಸ್ಕ್ರೂವಿನ ತುದಿ ಪ್ಲಗ್ ದಾಟಿ, ತೆಳುವಾಗಿದ್ದ ಆ ಜಾಗವನ್ನು ಚುಚ್ಚಿಕೊಂಡು ಒಳಹೋಯಿತು. ಚುಚ್ಚಿದ ಸ್ಕ್ರೂವೇ ಬಿರಡೆಯಾಗಿ ತೂತನ್ನು ಮುಚ್ಚಿತು. ಹಾಗಾಗಿ ಅವತ್ತು ಒಂದು ಹನಿಯೂ ಹೊರಗೆ ಬರಲಿಲ್ಲ. ಅದು ಕಬ್ಬಿಣದ ಮೇಲೆ ಲೇಪ ಕೊಟ್ಟ ಸ್ಕ್ರೂ. ನೀರಿನಲ್ಲಿ ಕೂತು ತುಕ್ಕು ಹಿಡಿಯಿತು, ದಿನಾ ಬಿಸಿನೀರು ಬಂದು ಹೋಗಿ ಪೈಪ್ ಹಿಗ್ಗಿ ಕುಗ್ಗಿ ಹಿಡಿತ ಸಡಿಲವಾಯಿತು. ಐದು ವಾರದ ಮೇಲೆ ಬಾತ್‌ರೂಮಿನ ಹಿಂದಿನ ರೂಮಿನ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದರೆ ಒಳಗೆ ಬಿಳಿ ಉಪ್ಪಿನಂಥ ಪುಡಿ.

ಮಳೆಗಾಲದ ತೇವ ಅಂದುಕೊಂಡು ಹತ್ತು ದಿನ ಕಳೆದೆವು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿಯೂ ನೋಡಿದೆವು, ಬೆಳಿಗ್ಗೆ ವ್ಯತ್ಯಾಸವೇ ಕಾಣಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು: ಸಾವಿರ ಲೀಟರಿನ ಟ್ಯಾಂಕಿನಲ್ಲಿ ಹತ್ತು ಲೀಟರ್ ಹೋದರೂ ಮಟ್ಟ ಇಳಿಯುವುದು ಸುಮಾರು ಒಂದು ಸೆಂಟಿಮೀಟರ್. ತೊಟ್ಟಿಕ್ಕುವ ಸೋರಿಕೆ ಆ ಪರೀಕ್ಷೆಗೆ ಸಿಗುವುದಿಲ್ಲ.

ಕೊನೆಗೆ ನಮ್ಮ ಬೀದಿಯ ಹಿರಿಯ ಪ್ಲಂಬರ್ ಒಬ್ಬರನ್ನು ಕರೆಸಿದೆವು. ಅವರು ಗೋಡೆ ಮುಟ್ಟುವ ಮೊದಲು ಗೀಸರ್‌ಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, “ಎರಡು ದಿನ ಹೀಗೇ ಇರಲಿ ಕಣಮ್ಮ, ಒದ್ದೆ ಎಲ್ಲಿಗಿದೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿಡಿ” ಅಂದರು. ಆ ವಾಲ್ವ್ ಮುಚ್ಚಿದರೆ ಬಿಸಿನೀರಿನ ಲೈನಿನಲ್ಲಿ ಒತ್ತಡ ಇರುವುದಿಲ್ಲ. ಎರಡು ದಿನವಾದರೂ ಒದ್ದೆ ಗೆರೆ ದಾಟಲಿಲ್ಲ, ಅಂಚು ಒಣಗಲು ಶುರುವಾಯಿತು. ಹಾಗಾದರೆ ಸೋರುತ್ತಿರುವುದು ಬಿಸಿನೀರಿನ ಲೈನೇ. ಮೂರನೆಯ ದಿನ ಬೆಳಿಗ್ಗೆ ವಾಲ್ವ್ ತೆರೆದು, ಗೀಸರ್ ಪೂರ್ತಿ ಕಾಯಿಸಿ, ಬಿಸಿನೀರನ್ನು ಹತ್ತು ನಿಮಿಷ ಬಿಟ್ಟು, ಒಣ ಟೈಲ್ಸ್ ಮೇಲೆ ಅಂಗೈ ಹಿಂಭಾಗ ಆಡಿಸಿದರು. ಗೀಸರಿನಿಂದ, ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಡೈವರ್ಟರ್‌ವರೆಗೆ ಮೂರು ಬೆರಳಗಲದ ಬೆಚ್ಚನೆಯ ಪಟ್ಟಿ ಗೊತ್ತಾಗುತ್ತಿತ್ತು. ಆ ಪಟ್ಟಿಯ ಮೇಲೇ ನಮ್ಮ ರಾಡಿನ ಕೆಳಗಿನ ತುದಿ ಕೂತಿತ್ತು. ಪೈಪ್ ಆಳದಲ್ಲಿದ್ದರೆ ಹೀಗೆ ಗೊತ್ತಾಗುವುದಿಲ್ಲ, ತಣ್ಣೀರಿನ ಲೈನಿಗಂತೂ ಈ ಉಪಾಯ ನಡೆಯುವುದೇ ಇಲ್ಲ.

ರಾಡ್ ಬಿಚ್ಚಿದಾಗ ಮೂರನೆಯ ತಪ್ಪು ಕೈಗೇ ಬಂತು. ಮೇಲಿನ ಮೂರು ಸ್ಕ್ರೂಗಳಲ್ಲಿ ಎರಡನ್ನು ಅವರು ಬೆರಳಲ್ಲೇ ಪ್ಲಗ್ ಸಮೇತ ಎಳೆದು ತೆಗೆದರು. ನನಗೆ ಎದೆ ಝಲ್ಲೆಂದಿತು. ಅಮ್ಮ ದಿನಾ ಅದರ ಮೇಲೆ ಭಾರ ಹಾಕಿ ಏಳುತ್ತಿದ್ದರು. ಟೈಲ್ಸ್ ಎಂಟು ಮಿಲಿಮೀಟರ್, ಅದರ ಹಿಂದೆ ಅಂಟಿಸಿದ ಗಾರೆ, ಅದರ ಹಿಂದೆ ಪ್ಲಾಸ್ಟರಿಂಗ್, ಎಲ್ಲ ಸೇರಿ ನಮ್ಮ ಗೋಡೆಯಲ್ಲಿ ಮೂವತ್ತು ಮಿಲಿಮೀಟರ್ ಆದಮೇಲೆ ಇಟ್ಟಿಗೆ ಸಿಗುತ್ತದೆ. ಅವನು ಹಾಕಿದ್ದು ಮೂವತ್ತು ಮಿಲಿಮೀಟರ್ ಉದ್ದದ ಪ್ಲಗ್, ಅದೂ ಟೈಲ್ಸ್ ಮೇಲ್ಮೈಗೆ ಸಮನಾಗಿ. ಇಟ್ಟಿಗೆಯೊಳಗೆ ಅದರ ತುದಿಯೂ ಹೋಗಿರಲಿಲ್ಲ. ಇನ್ನೊಂದು ತೊಂದರೆಯನ್ನೂ ಅವರು ತೋರಿಸಿದರು. ಸ್ಕ್ರೂ ತಿರುಗಿದಾಗ ಪ್ಲಗ್ ಅಗಲವಾಗಬೇಕು, ಅದರ ಹಿಡಿತ ಇರುವುದೇ ಆ ಅಗಲದಲ್ಲಿ. ಅದು ಟೈಲ್ಸ್ ಒಳಗೇ ಅಗಲವಾದರೆ ಟೈಲ್ಸ್‌ಗೆ ಹಿಗ್ಗಲು ಬರುವುದಿಲ್ಲ, ಬಿರಿಯುತ್ತದೆ. ತೂತು ಹೊಡೆಯುವಾಗ ಉಳಿದುಕೊಂಡಿದ್ದ ಒಂದು ಟೈಲ್ ಸ್ಕ್ರೂ ಬಿಗಿ ಮಾಡಿದಾಗ ಹೀಗೇ ಸೀಳಿತ್ತು.

ಮೂರು ಟೈಲ್ಸ್ ಒಡೆದು ಪೈಪ್ ಬಿಡಿಸಿದರು. ಟೈಲ್ಸ್ ಮೇಲ್ಮೈಯಿಂದ ಪೈಪ್ ಇದ್ದದ್ದು ಬರೀ ನಾಲ್ಕು ಸೆಂಟಿಮೀಟರ್ ಆಳದಲ್ಲಿ. ಚುಚ್ಚಿದ ಭಾಗ ಕತ್ತರಿಸಿ, ಎರಡು ಕಪ್ಲರ್ ಮತ್ತು ಒಂದು ತುಂಡು ಪೈಪ್ ಸಿಪಿವಿಸಿ ಸಾಲ್ವೆಂಟ್‌ನಲ್ಲಿ ಅಂಟಿಸಿ, ಮಾರನೆಯ ದಿನದವರೆಗೆ ನೀರು ಬಿಡಲಿಲ್ಲ. ನೀರು ಬಿಟ್ಟು ಅರ್ಧ ದಿನ ಕೀಲುಗಳನ್ನು ಒಣ ಪೇಪರಿನಿಂದ ಒರೆಸಿ ನೋಡಿದ ಮೇಲೇ ಗೋಡೆ ಮುಚ್ಚಿದ್ದು. ಮುಚ್ಚುವ ಮೊದಲು ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೋ ತೆಗೆದುಕೊಂಡೆ. ಅದೇ ಡಿಸೈನಿನ ಟೈಲ್ಸ್ ಎಲ್ಲೂ ಸಿಗಲಿಲ್ಲ. ಆ ಜಾಗದಲ್ಲಿ ಈಗ ಬೇರೆ ಬಣ್ಣದ ಮೂರು ಟೈಲ್ಸ್ ಇವೆ.

ಪೈಪ್ ಹುಡುಕುವ ವಿಷಯದಲ್ಲಿ ಒಂದು ಮಾತು. ಗೋಡೆಯೊಳಗಿನ ಲೋಹ ಹುಡುಕುವ ಸಣ್ಣ ಯಂತ್ರ ಇದ್ದರೆ ಸಾಕು ಅಂತ ಅನೇಕರು ನಂಬಿದ್ದಾರೆ. ಕಬ್ಬಿಣದ ಪೈಪ್, ಸ್ಲ್ಯಾಬಿನ ಕಂಬಿ ಅದಕ್ಕೆ ಸಿಗುತ್ತದೆ, ಪ್ಲಾಸ್ಟಿಕ್ ಪೈಪ್ ಸಿಗುವುದಿಲ್ಲ. ಈಗಿನ ಮನೆಗಳಲ್ಲಿ ಹೆಚ್ಚಾಗಿ ಇರುವುದು ಪ್ಲಾಸ್ಟಿಕ್ಕೇ. ಅದಕ್ಕಿಂತ ಕಣ್ಣಿಂದ ನೋಡುವುದು ಮೇಲು. ಪ್ರತಿ ನಲ್ಲಿ, ಡೈವರ್ಟರ್, ಶವರ್, ಗೀಸರ್ ಪಾಯಿಂಟಿನಿಂದ ನೇರ ಮೇಲಕ್ಕೆ, ನೇರ ಕೆಳಕ್ಕೆ, ಎಡಬಲಕ್ಕೆ ಗೆರೆ ಎಳೆದುಕೊಳ್ಳಿ. ಪೈಪುಗಳು ಸಾಮಾನ್ಯವಾಗಿ ಆ ಗೆರೆಗಳಲ್ಲೇ ಓಡಿರುತ್ತವೆ. ಗೆರೆಯ ಎರಡೂ ಬದಿ ಒಂದು ಗೇಣು ಬಿಟ್ಟುಬಿಡಿ. ಸ್ವಿಚ್ ಬೋರ್ಡ್ ಮತ್ತು ಗೀಸರಿನ ಕರೆಂಟ್ ಪಾಯಿಂಟಿನ ಮೇಲೆ ಕೆಳಗೂ ಹಾಗೆಯೇ, ಅಲ್ಲಿ ವೈರ್ ಇರುತ್ತದೆ. ಇವೆಲ್ಲ ಊಹೆಯೇ. ಅಡ್ಡಾದಿಡ್ಡಿ ಪೈಪ್ ಎಳೆದ ಮನೆಗಳೂ ಇವೆ, ಆದ್ದರಿಂದ ಟೈಲ್ಸ್ ಹಾಕುವ ಮೊದಲಿನ ಫೋಟೋ ಇದ್ದರೆ ಅದನ್ನೇ ನಂಬಿ.

ಹೊಸ ರಾಡನ್ನು ಪೈಪಿನಿಂದ ಒಂದಡಿ ಪಕ್ಕಕ್ಕೆ ಹಾಕಿಸಿದೆವು. ಈ ಸಲ ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಪ್ಲಂಬರ್ ಬೆರಳಿನ ಗೆಣ್ಣಿನಿಂದ ಟೈಲ್ಸ್ ತಟ್ಟುತ್ತ ಬಂದರು. ಕೆಲವು ಕಡೆ ‘ಡಬ ಡಬ’ ಅನ್ನುತ್ತಿತ್ತು, ಅಂದರೆ ಹಿಂದೆ ಗಾರೆ ತುಂಬಿಲ್ಲ, ಅಲ್ಲಿ ಒತ್ತಿದರೆ ಬಿರಿಯುತ್ತದೆ. ಗಟ್ಟಿ ಸದ್ದು ಬರುವ ಜಾಗ ಆರಿಸಿ, ಅಂಚಿನಿಂದ ಮೂರು ಸೆಂಟಿಮೀಟರಿಗಿಂತ ಒಳಗೇ ಗುರುತು ಹಾಕಿದರು.

ಆಮೇಲೆ ಒಡೆದ ಟೈಲ್ಸ್ ಚೂರೊಂದನ್ನು ತಿರುಗಿಸಿ ಹಿಂಬದಿಗೆ ಒಂದು ಹನಿ ನೀರು ಬಿಟ್ಟರು. ಹನಿ ಹೀರಿಕೊಂಡು ಮಾಯವಾಯಿತು. “ಇದು ಸೆರಾಮಿಕ್, ಮೆತ್ತಗಿರುತ್ತೆ” ಅಂದರು. ಅದಕ್ಕೆ ಭರ್ಚಿಯ ಮೊನೆಯಂತಿರುವ ಟೈಲ್ಸ್ ಬಿಟ್ ಸಾಕು. ಹನಿ ಹಾಗೇ ನಿಂತರೆ ಅದು ವಿಟ್ರಿಫೈಡ್. ಅದರ ಮೇಲೆ ಈ ಬಿಟ್ ಕಾದು ಮೊಂಡಾಗುತ್ತದೆ, ತೂತಾಗಲಿಲ್ಲವೆಂದು ಇನ್ನೂ ಒತ್ತಿದಾಗ ಟೈಲ್ಸ್ ಒಡೆಯುತ್ತದೆ. ಅದಕ್ಕೆ ಕೊಳವೆಯಂತೆ ಟೊಳ್ಳಾಗಿರುವ ಡೈಮಂಡ್ ಬಿಟ್ ಬೇಕು. ಅದನ್ನು ಮೊದಲು ಓರೆಯಾಗಿ ಹಿಡಿದು ಅರ್ಧಚಂದ್ರದಷ್ಟು ಕಚ್ಚು ಮಾಡಿ, ನಿಧಾನ ನೆಟ್ಟಗೆ ತಂದು, ನೀರು ತೊಟ್ಟಿಕ್ಕಿಸುತ್ತ ಕೊರೆಯಬೇಕು. ನೀರು ಬಳಸುವಲ್ಲಿ ಬ್ಯಾಟರಿ ಡ್ರಿಲ್ ಇದ್ದರೆ ಕ್ಷೇಮ.

ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರು, ಬಿಟ್ ಜಾರಲಿಲ್ಲ. ಹ್ಯಾಮರ್ ಆಫ್, ವೇಗ ಕಡಿಮೆ. ಬಿಳಿ ಪುಡಿ ನಿಂತು ಬೂದು ಪುಡಿ ಬರುವವರೆಗೂ ಹಾಗೇ ಕೊರೆದರು. ಬೂದು ಬಂದರೆ ಟೈಲ್ಸ್ ದಾಟಿತು ಅಂತ. ಅಲ್ಲಿ ನಿಲ್ಲಿಸಿ, ಗೋಡೆಯ 8 ಮಿಲಿಮೀಟರ್ ಬಿಟ್ ಹಾಕಿ, ಬಿಟ್ಟಿನ ಮೇಲೆ ಆಳದ ಗುರುತಿಗೆ ಟೇಪ್ ಸುತ್ತಿ, ಆಗ ಮಾತ್ರ ಹ್ಯಾಮರ್ ಆನ್ ಮಾಡಿದರು. ಟೈಲ್ಸ್‌ನ ತೂತನ್ನು ಬೇಕೆಂದೇ ಒಂದು ಸುತ್ತು ದೊಡ್ಡದಾಗಿ ಮಾಡಿದ್ದರು, ಈ ಬಿಟ್ ಅದರ ಅಂಚಿಗೆ ತಾಗದಿರಲಿ ಅಂತ.

ಪುಡಿ ಊದಿ ತೆಗೆದು, ಐವತ್ತು ಮಿಲಿಮೀಟರಿನ ನೈಲಾನ್ ಪ್ಲಗ್ಗನ್ನು ಮೊಳೆಯಿಂದ ಟೈಲ್ಸ್ ದಾಟಿಸಿ ಒಳಕ್ಕೆ ತಳ್ಳಿದರು. ತೂತಿಗೆ ತುಸು ಸಿಲಿಕಾನ್ ತುಂಬಿ ಎಪ್ಪತ್ತೈದು ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದರು. ಕೊನೆಯ ಎರಡು ಸುತ್ತು ಯಂತ್ರದಲ್ಲಲ್ಲ, ಕೈಯಲ್ಲಿ. ಇಷ್ಟು ಉದ್ದದ ಸ್ಕ್ರೂ ಪೈಪ್ ಇಲ್ಲವೆಂದು ಖಾತ್ರಿಯಿದ್ದ ಜಾಗದಲ್ಲಿ ಮಾತ್ರ. ನಮ್ಮದು ಇಟ್ಟಿಗೆ ಗೋಡೆ. ಟೊಳ್ಳು ಬ್ಲಾಕ್ ಅಥವಾ ಹಗುರದ ಎಎಸಿ ಬ್ಲಾಕ್ ಆಗಿದ್ದರೆ ಈ ಪ್ಲಗ್ ಮನುಷ್ಯರ ಭಾರ ತಡೆಯುವುದಿಲ್ಲ, ಅದಕ್ಕೆಂದೇ ಇರುವ ಬೇರೆ ಫಿಕ್ಸಿಂಗ್ ಕೇಳಿ ತರಿಸಿ.

ರಾಡ್ ಕೂತ ಮೇಲೆ ನಾನೇ ಎರಡೂ ಕೈಯಲ್ಲಿ ಜೋತುಬಿದ್ದು ನೋಡಿದೆ, ಅಲ್ಲಾಡಲಿಲ್ಲ. ಮಾರನೆಯ ಬೆಳಿಗ್ಗೆ ಸಿಲಿಕಾನ್ ಒಣಗಿದ ಮೇಲೆ ಅಮ್ಮನನ್ನು ಕರೆದುಕೊಂಡು ಹೋದೆ. ಪೈಪಿನ ಫೋಟೋವನ್ನು ಪ್ರಿಂಟ್ ಹಾಕಿಸಿ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಇನ್ನು ಮುಂದೆ ಈ ಮನೆಗೆ ಡ್ರಿಲ್ ಹಿಡಿದು ಬರುವವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.