ಗಂಟೆ ಇದ್ದದ್ದು ಫೋನಿಗೆ, ತಿಥಿ ಇದ್ದದ್ದು ಗೋಡೆಗೆ

ನಮ್ಮ ಮನೆ ಮೈಸೂರಿನಲ್ಲಿ. ಐದು ಜನ ಇದ್ದೇವೆ. ನಾನು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಡ್ಯೂಟಿ ಒಂದು ವಾರ ಬೆಳಗ್ಗೆ 8ರಿಂದ 2, ಇನ್ನೊಂದು ವಾರ ಮಧ್ಯಾಹ್ನ 2ರಿಂದ 8, ನಡುವೆ ರಾತ್ರಿ ಪಾಳಿ. ಭಾನುವಾರ ಪಟ್ಟಿ ಬರುತ್ತದೆ, ಬಂದ ಮೇಲೂ ಬದಲಾಗುತ್ತದೆ. ನಮ್ಮೆಜಮಾನರು ವಾರದಲ್ಲಿ ಎರಡು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಯಾವ ಎರಡು ದಿನ ಅನ್ನೋದು ಅವರ ಆಫೀಸಿನ ಮೇಲೆ. ಮಗಳು ಹತ್ತನೇ ಕ್ಲಾಸು, ಮಗ ಮೂರನೇ ಕ್ಲಾಸು. ಅತ್ತೆಗೆ 72 ವರ್ಷ, ಮಂಡಿ ನೋವು, ಕೈಯಲ್ಲಿ ಕೀಪ್ಯಾಡ್ ಫೋನು.

ದಿನಾ ಬೆಳಗ್ಗೆ ಒಂದೇ ಪ್ರಶ್ನೆ. ಇವತ್ತು ಮಗನನ್ನು ಶಾಲೆಯಿಂದ ಕರೆದುಕೊಂಡು ಬರುವವರು ಯಾರು? ಅದಕ್ಕೇ ಕಳೆದ ವರ್ಷ, 2025ರಲ್ಲಿ, ಗಟ್ಟಿಯಾಗಿ ಒಂದು ನಿರ್ಧಾರ ಮಾಡಿದೆವು. ಜೂನ್, ಜುಲೈ, ಆಗಸ್ಟ್ ಪೂರ್ತಿ ಗೋಡೆ ಕ್ಯಾಲೆಂಡರ್ ಮಾತ್ರ. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಫೋನಿನ ಕ್ಯಾಲೆಂಡರ್ ಮಾತ್ರ. ಆರು ತಿಂಗಳಲ್ಲಿ ಯಾವುದು ಎಲ್ಲಿ ಕೈಕೊಟ್ಟಿತು ಅಂತ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಗೋಡೆಯದು ಊಟದ ಮೇಜಿನ ಪಕ್ಕ ನೇತುಹಾಕಿದ, ತಿಂಗಳಿಗೊಂದು ಹಾಳೆಯ ಪಂಚಾಂಗದ ಕ್ಯಾಲೆಂಡರ್. ಅದರ ದೊಡ್ಡ ಗುಣ ಮೊದಲ ವಾರವೇ ಕಂಡಿತು. ಯಾರಿಗೂ ಏನೂ ಕಲಿಸಬೇಕಾಗಲಿಲ್ಲ. ದಾರಕ್ಕೆ ಕಟ್ಟಿದ ಒಂದು ಪೆನ್ನು ಸಾಕಾಯಿತು. ಮಗ ತನ್ನ ಸ್ನೇಹಿತನ ಹುಟ್ಟುಹಬ್ಬವನ್ನು ತಾನೇ ಸ್ಟೂಲ್ ಹತ್ತಿ ಬರೆದ. ಊಟಕ್ಕೆ ಕೂತಾಗ ಕಣ್ಣು ತಾನಾಗಿಯೇ ಅತ್ತ ಹೋಗುತ್ತದೆ, ಯಾರೂ ನೆನಪಿಸುವ ಕೆಲಸವಿಲ್ಲ.

ಆದರೆ ಜಾಗ ಕಡಿಮೆ. ಒಂದೊಂದು ತಾರೀಖಿನ ಮನೆಯಲ್ಲಿ ತಿಥಿ, ನಕ್ಷತ್ರ, ಹಬ್ಬದ ಹೆಸರು ಆಗಲೇ ಅಚ್ಚಾಗಿರುತ್ತವೆ. ಉಳಿದ ಜಾಗದಲ್ಲಿ ಎರಡು ಸಾಲು ಬರೆಯಬಹುದು, ಅಷ್ಟೇ. ನನ್ನ ಡ್ಯೂಟಿ ಒಂದು ಸಾಲು, ಮಗಳ ಟ್ಯೂಷನ್ ಒಂದು ಸಾಲು, ಮುಗಿಯಿತು. ಡ್ಯೂಟಿ ಬದಲಾದರೆ ಹೊಡೆದುಹಾಕಿ ಬರೆಯಬೇಕು. ಜುಲೈ ಕೊನೆಗೆ ಕೆಲವು ಮನೆಗಳಲ್ಲಿ ಏನಿದೆ ಅಂತ ನನಗೇ ಓದಲಾಗುತ್ತಿರಲಿಲ್ಲ.

ಜಾಗಕ್ಕಿಂತ ದೊಡ್ಡ ತೊಂದರೆ, ಗೋಡೆ ಮನೆ ಬಿಟ್ಟು ಕದಲುವುದಿಲ್ಲ. ನಮ್ಮೆಜಮಾನರು ಆಫೀಸಿನಿಂದ ಫೋನ್ ಮಾಡಿ, "ಗುರುವಾರ ನಿಂಗೆ ಯಾವ ಡ್ಯೂಟಿ, ಗೋಡೆ ನೋಡಿ ಹೇಳು" ಅನ್ನುತ್ತಾರೆ. ನಾನು ಆಗ ವಾರ್ಡಿನಲ್ಲಿ. ನನ್ನ ಮುಂದೆಯೂ ಗೋಡೆಯಿಲ್ಲ. ಇಬ್ಬರೂ ನೆನಪಿನ ಮೇಲೆ ಮಾತಾಡಿ, ಎರಡು ಸಲ ಒಂದೇ ದಿನಕ್ಕೆ ಇಬ್ಬರೂ ಹೊರಗೆ ಹೋಗುವ ಹಾಗೆ ಒಪ್ಪಿಕೊಂಡುಬಿಟ್ಟಿದ್ದೆವು.

ಇನ್ನೊಂದು ತಪ್ಪು ನಾವು ಊಹಿಸಿಯೇ ಇರಲಿಲ್ಲ. ಜುಲೈ 1, ಮಂಗಳವಾರ ಬೆಳಗ್ಗೆ ಅತ್ತೆಗೆ ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಇತ್ತು. ನಾನೇ ಜುಲೈ ಹಾಳೆಯಲ್ಲಿ ಬರೆದಿದ್ದೆ. ಆದರೆ ಜೂನ್ 30ರ ರಾತ್ರಿವರೆಗೂ ಗೋಡೆಯ ಮೇಲೆ ಕಾಣುತ್ತಿದ್ದದ್ದು ಜೂನ್ ಹಾಳೆ! ಒಂದನೇ ತಾರೀಖು ಬೆಳಗ್ಗೆ ಹಾಳೆ ತಿರುಗಿಸಿದಾಗ ಗಂಟೆ ಆರೂವರೆ.

"ಅತ್ತೆ, ಕಾಫಿ ಕುಡಿದ್ರಾ?"

"ಆಗಲೇ ಆಯ್ತಲ್ಲಮ್ಮ. ಯಾಕೆ?"

ಪರೀಕ್ಷೆ ಮರುದಿನಕ್ಕೆ ಹೋಯಿತು. ನಾನು ದಿನಾ ರೋಗಿಗಳಿಗೆ "ರಾತ್ರಿ ಊಟ ಆದಮೇಲೆ ನೀರು ಬಿಟ್ಟು ಏನೂ ತಗೋಬೇಡಿ" ಅಂತ ಹೇಳುವವಳು. ಮನೆಯಲ್ಲಿ ಹೀಗಾದದ್ದು ಬಹಳ ಬೇಜಾರಾಯಿತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆವು. ಹಿಂದಿನ ದಿನವೇ ತಯಾರಿ ಬೇಕಾದ ಕೆಲಸವನ್ನು ಹಿಂದಿನ ದಿನದ ಮನೆಯಲ್ಲಿ ಬರೆಯುವುದು. "1ಕ್ಕೆ ಬ್ಲಡ್ ಟೆಸ್ಟ್" ಅಂತ ಅಲ್ಲ, 30ರಲ್ಲಿ "ನಾಳೆ ಖಾಲಿ ಹೊಟ್ಟೆ" ಅಂತ. ತಿಂಗಳ ಕೊನೆಯ ವಾರ ಬಂದಾಗ ಮುಂದಿನ ಹಾಳೆಯ ಮೊದಲ ವಾರವನ್ನು ಒಮ್ಮೆ ಎತ್ತಿ ನೋಡುವುದು. ಇದರಿಂದ ಆ ತೊಂದರೆ ಮತ್ತೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಫೋನಿಗೆ ಬಂದೆವು. ನಾವು ಬಳಸಿದ್ದು ಗೂಗಲ್ ಕ್ಯಾಲೆಂಡರ್. ನಾನು, ಯಜಮಾನರು, ಮಗಳು ಮೂವರೂ ಒಂದು ಫ್ಯಾಮಿಲಿ ಗ್ರೂಪ್ ಮಾಡಿಕೊಂಡೆವು. ಒಂದು ಗ್ರೂಪಿನಲ್ಲಿ ಒಟ್ಟು ಆರು ಜನ ಇರಬಹುದು. ಗ್ರೂಪ್ ಮಾಡಿದ ಕೂಡಲೇ Family ಅನ್ನೋ ಹೆಸರಿನ ಕ್ಯಾಲೆಂಡರ್ ತಾನಾಗಿಯೇ ಎಲ್ಲರಿಗೂ ಬರುತ್ತದೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು.

ಮೊದಲ ಎರಡು ವಾರ ಅದು ಗೋಡೆಗಿಂತ ಕೆಟ್ಟದಾಗಿ ನಡೆಯಿತು. ಕಾರಣ ಎರಡು, ಹೊಸದಾಗಿ ಶುರು ಮಾಡುವವರೆಲ್ಲ ಇವುಗಳಲ್ಲೇ ಸಿಕ್ಕಿಬೀಳುತ್ತಾರೆ ಅಂತ ನನಗೆ ಅನಿಸುತ್ತದೆ.

ಒಂದು, ಹೊಸದಾಗಿ ಏನಾದರೂ ಹಾಕಿದರೆ ಅದು ಸಾಮಾನ್ಯವಾಗಿ ನಮ್ಮ ಸ್ವಂತ ಕ್ಯಾಲೆಂಡರಿಗೆ ಹೋಗುತ್ತದೆ, Family ಗೆ ಅಲ್ಲ. ಯಜಮಾನರು ಮಗನ ಶಾಲೆಯ ಪೇರೆಂಟ್ಸ್ ಮೀಟಿಂಗ್ ಹಾಕಿದ್ದರು. ಅವರ ಫೋನಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ನಮಗೂ ಕಾಣುತ್ತಿದೆ ಅಂದುಕೊಂಡರು. ನನ್ನ ಫೋನಿನಲ್ಲಿ ಆ ದಿನ ಖಾಲಿ. ಆ ದಿನ ಅವರು ಬೆಂಗಳೂರಿನಲ್ಲಿದ್ದರು, ನಾನು ಮನೆಯಲ್ಲೇ ಇದ್ದೆ, ಮೀಟಿಂಗಿಗೆ ಯಾರೂ ಹೋಗಲಿಲ್ಲ. ಪತ್ತೆ ಹಚ್ಚುವುದು ಸುಲಭ, ಬಣ್ಣ ನೋಡಬೇಕು. Family ಗೆ ನಾವು ಹಸಿರು ಇಟ್ಟುಕೊಂಡೆವು. ಬರೆದ ಮೇಲೆ ಹಸಿರು ಕಾಣದಿದ್ದರೆ ಅದು ಯಾರಿಗೂ ತಲುಪಿಲ್ಲ ಅಂತ ಅರ್ಥ. ಅದನ್ನು ತೆರೆದು ಕ್ಯಾಲೆಂಡರಿನ ಹೆಸರು ಬದಲಿಸಿದರೆ ಆಯಿತು.

ಎರಡನೆಯದು ಜ್ಞಾಪನೆಯ ವಿಷಯ. ನಾನು ಒಂದು ಗಂಟೆ ಮೊದಲು ಗಂಟೆ ಬಾರಿಸು ಅಂತ ಇಟ್ಟರೆ ಎಲ್ಲರ ಫೋನೂ ಬಾರಿಸುತ್ತದೆ ಅಂದುಕೊಂಡಿದ್ದೆ. ಇಲ್ಲ. ಬರೆದದ್ದು ಎಲ್ಲರಿಗೂ ಕಾಣುತ್ತದೆ, ಜ್ಞಾಪನೆ ಮಾತ್ರ ಅವರವರದು. ನನ್ನ ಫೋನು ಬಾರಿಸಿತು, ಮಗನನ್ನು ಕರೆತರಬೇಕಾದವರ ಫೋನು ಸುಮ್ನೆ ಇತ್ತು. ಆ ಭಾನುವಾರ ಮೂರೂ ಫೋನುಗಳನ್ನು ಮೇಜಿನ ಮೇಲಿಟ್ಟು, ಒಂದೊಂದರಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ, Family ಕೆಳಗೆ ಒಂದು ದಿನ ಮೊದಲು ಮತ್ತು ಒಂದು ಗಂಟೆ ಮೊದಲು ಅಂತ ಎರಡು ಜ್ಞಾಪನೆ ಹಾಕಿದೆವು. ಇಡೀ ದಿನದ ಕೆಲಸಗಳಿಗೆ ಜ್ಞಾಪನೆ ಬೇರೆ ಸಾಲಿನಲ್ಲಿದೆ, ಅದನ್ನೂ ಹಾಕಬೇಕು. ಹತ್ತು ನಿಮಿಷದ ಕೆಲಸ, ಮಾಡದಿದ್ದರೆ ಆ್ಯಪ್ ಇದ್ದೂ ಇಲ್ಲದ ಹಾಗೆ.

ಇದು ಸರಿಯಾದ ಮೇಲೆ ಅದರ ಬೆಲೆ ತಿಳಿಯಿತು. ನವೆಂಬರ್ 12, ಬುಧವಾರದ ಒಂದು ಘಟನೆ ಹೇಳುತ್ತೇನೆ. ಬೆಳಗ್ಗೆ 11ಕ್ಕೆ ನಮ್ಮ ಇನ್‌ಚಾರ್ಜ್ ಸಿಸ್ಟರ್ ಬಂದು, "ನಾಳೆ ರಾತ್ರಿ ಮಾಡ್ತೀರಾ, ಒಬ್ಬರಿಗೆ ಹುಷಾರಿಲ್ಲ" ಅಂದರು. ನನಗೆ ಗುರುವಾರ ಬೆಳಗಿನ ಡ್ಯೂಟಿ ಇತ್ತು. ಫೋನು ತೆಗೆದು ನೋಡಿದೆ. ಶುಕ್ರವಾರ ಯಜಮಾನರು ಬೆಂಗಳೂರಿಗೆ ಅಂತ ಹಸಿರಿನಲ್ಲಿ ಇತ್ತು. ನಾನು ರಾತ್ರಿ ಡ್ಯೂಟಿ ಮಾಡಿದರೆ ಶುಕ್ರವಾರ ಬೆಳಗ್ಗೆ ಮಗನನ್ನು ಶಾಲೆಗೆ ಬಿಡುವವರಿಲ್ಲ. ಅವರ ರೈಲು ಬೆಳಗ್ಗೆ ಬೇಗ, ನಾನು ಬಿಡುವಾಗ ಎಂಟು ಗಂಟೆ. ಅಲ್ಲೇ ನಿಂತು ಗುರುವಾರದ ಸಮಯ ಬದಲಿಸಿ, ಕೆಳಗೆ "ಶುಕ್ರವಾರ ಮಗನನ್ನು ಬಿಡಲು?" ಅಂತ ಬರೆದು ಇವರಿಗೊಂದು ಮೆಸೇಜ್ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ಬೆಂಗಳೂರು ಶುಕ್ರವಾರದಿಂದ ಗುರುವಾರಕ್ಕೆ ಬಂದು ಕೂತಿತ್ತು. ಅದನ್ನು ನೋಡಿಯೇ ನಾನು ಸಿಸ್ಟರಿಗೆ ಹೂಂ ಅಂದೆ. ಗೋಡೆಯಿಂದ ಇದು ಆಗುತ್ತಿರಲಿಲ್ಲ.

ಅದೇ ತಿಂಗಳು ಒಂದು ಪೆಟ್ಟೂ ತಿಂದೆ. ವಾರವಾರ ಬರುವ ಟ್ಯೂಷನ್ನಿನ ಒಂದು ದಿನದ ಸಮಯ ಬದಲಿಸುವಾಗ ಫೋನು ಕೇಳುತ್ತದೆ: This event, This and following events, All events. ಅವಸರದಲ್ಲಿ ಕೊನೆಯದನ್ನು ಒತ್ತಿದೆ. ಎಲ್ಲ ವಾರಗಳ ಸಮಯವೂ ಬದಲಾಯಿತು, ಮಗಳು ಮುಂದಿನ ವಾರ ಒಂದು ಗಂಟೆ ತಡವಾಗಿ ಹೋದಳು. ಗೋಡೆಯ ಮೇಲೆ ಹೊಡೆದುಹಾಕಿದ್ದು ಕಾಣುತ್ತದೆ. ಫೋನಿನ ತಿಂಗಳ ನೋಟದಲ್ಲಿ ಹಳೆಯ ಸಮಯ ಏನಿತ್ತು ಅನ್ನೋದರ ಗುರುತೇ ಇರುವುದಿಲ್ಲ.

ಆದರೆ ಈ ಮೂರು ತಿಂಗಳಲ್ಲಿ ಅತ್ತೆ ಒಂಟಿಯಾದರು. ಇದನ್ನು ನಾನು ತಡವಾಗಿ ಗಮನಿಸಿದೆ. ಮೊದಲು ಗೋಡೆ ನೋಡಿ ತಿಳಿದುಕೊಳ್ಳುತ್ತಿದ್ದುದನ್ನು ಈಗ ನಮ್ಮನ್ನು ಕೇಳಬೇಕಾಯಿತು. "ಇವತ್ತು ಎಷ್ಟು ಹೊತ್ತಿಗೆ ಬರ್ತೀಯಮ್ಮ?" ಅಂತ ದಿನಾ ಕೇಳುವುದು ಅವರಿಗೂ ಇಷ್ಟವಿರಲಿಲ್ಲ.

ಅದೂ ಅಲ್ಲದೆ ಅವರ ಕ್ಯಾಲೆಂಡರ್ ನಮ್ಮದರ ಹಾಗಲ್ಲ. ನಾವು ಮುಂದಿನದನ್ನು ಬರೆಯುತ್ತೇವೆ, ಅವರು ಆಗಿಹೋದದ್ದನ್ನು ಬರೆಯುತ್ತಾರೆ. ಸಿಲಿಂಡರ್ ಹಾಕಿದ ದಿನ, ಹಾಲು ಬೇಡ ಅಂದ ದಿನ, ಕೆಲಸದವಳು ಬಾರದ ದಿನ. ಹಿಂದಿನ ಹಾಳೆ ತಿರುಗಿಸಿ ಎಣಿಸಿ, "ಹೋದ ಸಿಲಿಂಡರ್ 38 ದಿನ ಬಂತು, ಇದು ಹಾಕಿ 30 ಆಯ್ತು, ಬುಕ್ ಮಾಡು" ಅನ್ನುತ್ತಾರೆ. ಫೋನಿನಲ್ಲೂ ಇದನ್ನು ಬರೆದಿಟ್ಟು ಹುಡುಕಬಹುದು. ಆದರೆ ಬರೆಯುವವರು ಅವರು ತಾನೇ?

ತಿಥಿಯ ವಿಷಯದಲ್ಲಂತೂ ಗೋಡೆಯೇ ಸರಿ. ಮಾವನವರ ಶ್ರಾದ್ಧವನ್ನು ನಾನು ಫೋನಿನಲ್ಲಿ ವರ್ಷಕ್ಕೊಮ್ಮೆ ಅಂತ ಹಾಕಿಬಿಟ್ಟಿದ್ದೆ. ಫೋನು ತಾರೀಖು ಹಿಡಿದು ಎಣಿಸುತ್ತದೆ, ಶ್ರಾದ್ಧ ತಿಥಿ ಹಿಡಿದು ಬರುತ್ತದೆ. ಗಣೇಶನ ಹಬ್ಬವನ್ನೇ ನೋಡಿ: 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಈ ವರ್ಷ ಅಧಿಕ ಜ್ಯೇಷ್ಠ ಬಂದಿರುವುದರಿಂದ ಅದರ ನಂತರದ ಹಬ್ಬಗಳೆಲ್ಲ ಹಿಂದಿನ ವರ್ಷಕ್ಕಿಂತ ತಡ. ಅತ್ತೆ ಹೇಳದಿದ್ದರೆ ಫೋನು ತೋರಿಸಿದ ತಪ್ಪು ದಿನಕ್ಕೆ ಪುರೋಹಿತರನ್ನು ಕರೆಯುತ್ತಿದ್ದೆವು.

ಹಾಗಾದರೆ ಎರಡನ್ನೂ ಇಟ್ಟುಕೊಳ್ಳುವುದು ಅಂತ ನಿಮಗೆ ಅನಿಸಬಹುದು. ಎರಡರಲ್ಲೂ ಎಲ್ಲವನ್ನೂ ಬರೆಯಲು ಹೋಗಬೇಡಿ. ಡಿಸೆಂಬರಿನಲ್ಲಿ ಎರಡು ವಾರ ನಾವು ಹಾಗೆ ಮಾಡಿದೆವು. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಹಳೆಯದೇ ಉಳಿಯುತ್ತಿತ್ತು, ಆಮೇಲೆ ಯಾವುದನ್ನು ನಂಬಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ.

ಈಗ ಹಂಚಿಕೊಂಡಿದ್ದೇವೆ. ಗಂಟೆ ಹೇಳಬೇಕಾದದ್ದೆಲ್ಲ ಫೋನಿಗೆ: ಡ್ಯೂಟಿ, ರೈಲು, ಟ್ಯೂಷನ್, ಡಾಕ್ಟರ್. ದಿನ ಮಾತ್ರ ಸಾಕಾದದ್ದೆಲ್ಲ ಗೋಡೆಗೆ: ಹಬ್ಬ, ಏಕಾದಶಿ, ಶ್ರಾದ್ಧ, ಸಿಲಿಂಡರ್, ಹಾಲು. ನಿಮ್ಮ ಮನೆಯಲ್ಲಿ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದ್ದು, ಹೊರಗೆ ಓಡಾಡುವವರೇ ಜಾಸ್ತಿ ಇದ್ದರೆ ಆ್ಯಪ್ ಒಂದೇ ಸಾಕು. ಎಲ್ಲರ ಸಮಯವೂ ವರ್ಷವಿಡೀ ಒಂದೇ ಥರ ಇದ್ದರೆ ಗೋಡೆಯೇ ಸಾಕು, ಆ್ಯಪ್ ಕಲಿಯುವ ಶ್ರಮ ಬೇಡ. ನಮ್ಮ ಹಾಗೆ ದಿನಾ ಬದಲಾಗುವವರೂ, ಫೋನ್ ನೋಡದ ಹಿರಿಯರೂ ಒಂದೇ ಮನೆಯಲ್ಲಿದ್ದರೆ ಈ ಹಂಚಿಕೆ ಮಾಡಿ ನೋಡಿ.

ಇದರಲ್ಲಿ ಒಂದೇ ಒಂದು ವಿನಾಯಿತಿ ಇದೆ, ನನ್ನ ರಾತ್ರಿ ಡ್ಯೂಟಿ. ಅದು ಫೋನಿನಲ್ಲೂ ಇರುತ್ತದೆ, ಗೋಡೆಯ ಮೇಲೂ ಇರುತ್ತದೆ. ಪಟ್ಟಿ ಬಂದ ಭಾನುವಾರ ಸಂಜೆ ಮಗಳು ಆ ದಿನಗಳಿಗೆ ನೀಲಿ ಪೆನ್ನಿನಲ್ಲಿ ಸುತ್ತು ಹಾಕುತ್ತಾಳೆ. ನಡುವೆ ಬದಲಾದರೆ ಅವಳೇ ತಿದ್ದುತ್ತಾಳೆ. ಸುತ್ತು ಇರುವ ದಿನ ಅತ್ತೆ ರಾತ್ರಿಯೇ ಚಟ್ನಿ ರುಬ್ಬಿ ಫ್ರಿಜ್ಜಿನಲ್ಲಿ ಇಡುತ್ತಾರೆ. ಬೆಳಗ್ಗೆ ನಾನು ಬಂದು ಮಲಗಿದ ಮೇಲೆ ಮಿಕ್ಸಿ ಸದ್ದು ಆಗಬಾರದು ಅಂತ.